ಎರಡೇ ಬಣ್ಣದಲ್ಲಿ ಪೋಸ್ಟರ್: ಕಟೌಟ್‌ಗೊಂದು ಮ್ಯಾಪ್, ಹಿನ್ನೆಲೆಗೊಂದು ಮ್ಯಾಪ್

ಗ್ರೇಡಿಯಂಟ್ ಮ್ಯಾಪ್‌ಗೆ ಬಣ್ಣ ಕಾಣಿಸುವುದಿಲ್ಲ, ಬೆಳಕು ಮಾತ್ರ ಕಾಣಿಸುತ್ತದೆ. ಚಿತ್ರದ ಕಪ್ಪು ಭಾಗಕ್ಕೆ ಗ್ರೇಡಿಯಂಟ್ ಪಟ್ಟಿಯ ಎಡತುದಿಯ ಬಣ್ಣ, ಬಿಳಿ ಭಾಗಕ್ಕೆ ಬಲತುದಿಯ ಬಣ್ಣ, ನಡುವಿನದಕ್ಕೆ ನಡುವಿನದು. ಇಷ್ಟೇ ಅದರ ಕೆಲಸ. ಹಾಗಾಗಿ ಪೋಸ್ಟರ್ ಚೆನ್ನಾಗಿ ಬರುವುದೂ ಕೆಡುವುದೂ ಬಣ್ಣ ಹಾಕುವ ಮೊದಲೇ, ಕಪ್ಪು-ಬಿಳುಪಿನ ಹಂತದಲ್ಲೇ ತೀರ್ಮಾನವಾಗುತ್ತದೆ.

ಒಂದು ಉದಾಹರಣೆ ಹಿಡಿದು ಫೋಟೊಶಾಪ್‌ನಲ್ಲಿ ಮಾಡಿ ನೋಡೋಣ. ಕೆಂಪು ಕೊಡೆ ಹಿಡಿದು ಹಸಿರು ಅಂಗಿ ತೊಟ್ಟ ವ್ಯಕ್ತಿಯ ಕಟೌಟ್ ಮೇಲಿನ ಲೇಯರ್‌ನಲ್ಲಿದೆ, ಕಟ್ಟಡಗಳ ಫೋಟೊ ಕೆಳಗಿದೆ. ಬಣ್ಣಗಳು ಕಡುನೀಲಿ `#1B1464` ಮತ್ತು ಹಳದಿ `#FFD23F`. ಒಂದು ತೀರಾ ಗಾಢ, ಇನ್ನೊಂದು ತೀರಾ ತಿಳಿ; ಈ ಅಂತರವೇ ಮುಖ್ಯ. ಕೆಂಪು-ಹಸಿರಿನಂಥ ಜೋಡಿ ನೋಡಲು ಎಷ್ಟೇ ಬೇರೆಯಾಗಿದ್ದರೂ ಎರಡರ ಬೆಳಕಿನ ಮಟ್ಟ ಹತ್ತಿರವಿದ್ದರೆ ಕಣ್ಣು ಮೂಗು ಒಂದೂ ತಿಳಿಯದೆ ಮುಖ ಚಪ್ಪಟೆಯಾಗುತ್ತದೆ.

ಮೊದಲು ಕಟೌಟ್. ಅದರ ಮೇಲೆ `Black & White` ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ, `Ctrl+Alt+G` ಒತ್ತಿ ಕಟೌಟ್‌ಗೆ ಕ್ಲಿಪ್ ಮಾಡಿ. ಕ್ಲಿಪ್ ಮಾಡುವುದು ಮರೆತರೆ ಕೆಳಗಿನ ಕಟ್ಟಡಗಳೂ ಬದಲಾಗುತ್ತವೆ. ಈಗ ಪರದೆ ನೋಡಿದರೆ ಕೊಡೆಯೂ ಅಂಗಿಯೂ ಹೆಚ್ಚುಕಡಿಮೆ ಒಂದೇ ಬೂದು. ಕಾರಣ, ಇಲ್ಲಿ `Reds` ಮತ್ತು `Greens` ಎರಡೂ 40ರಲ್ಲೇ ನಿಂತಿರುತ್ತವೆ. ಕೆಂಪನ್ನು ಏರಿಸುವ ಆಸೆಯಾಗುತ್ತದೆ, ಆದರೆ ಬೇಡ: ಚರ್ಮದಲ್ಲೂ ಕೆಂಪಿದೆ, ತುಟಿ ಕೆನ್ನೆಗಳು ಬಿಳಿಚಿಕೊಳ್ಳುತ್ತವೆ. ಬದಲಿಗೆ `Greens` ಅನ್ನು ಸೊನ್ನೆಯ ಹತ್ತಿರ ಇಳಿಸಿ. ಅಂಗಿ ಗಾಢವಾಗುತ್ತದೆ, ಕೊಡೆ ಬೇರೆಯಾಗುತ್ತದೆ, ಮುಖ ಹಾಗೇ ಉಳಿಯುತ್ತದೆ.

ಇದರ ಮೇಲೆ `Gradient Map` ಲೇಯರ್ ಹಾಕಿ, ಅದನ್ನೂ ಕ್ಲಿಪ್ ಮಾಡಿ. ಪಟ್ಟಿಯ ಮೇಲೆ ಕ್ಲಿಕ್ಕಿಸಿ ಎಡ ಗುಂಡಿಗೆ ನೀಲಿ, ಬಲ ಗುಂಡಿಗೆ ಹಳದಿ ಕೊಡಿ. ಚಿತ್ರ ನೆಗೆಟಿವ್‌ನಂತೆ ಕಂಡರೆ `Reverse` ಗುರುತು ನೋಡಿ. ಇಲ್ಲೊಂದು ತೊಡಕು ಎದುರಾಗುತ್ತದೆ: ನೀಲಿಯೂ ಹಳದಿಯೂ ಎದುರು ಬಣ್ಣಗಳು, ಅವು ಬೆರೆತ ಕಡೆ ಕೆಸರು ಕಂದು ಹುಟ್ಟುತ್ತದೆ. ಮುಖದ ನೆರಳೆಲ್ಲ ಅದೇ ಕಂದಾಗಿ ಪೋಸ್ಟರ್ ಹಳೆಯ ಫೋಟೊದಂತೆ ಮಂಕಾಗುತ್ತದೆ. ಗುಂಡಿಗಳನ್ನು ಒಳಕ್ಕೆ ಸರಿಸಿ, ನೀಲಿ 25%ಕ್ಕೆ, ಹಳದಿ 70%ಕ್ಕೆ. ಬೆರಕೆಯ ಜಾಗ ಕಿರಿದಾಗಿ ಎರಡು ಬಣ್ಣಗಳೂ ಅಚ್ಚಾಗಿ ನಿಲ್ಲುತ್ತವೆ. ಅತಿಯಾಸೆಗೆ ಬಿದ್ದು 45 ಮತ್ತು 55ರವರೆಗೆ ತಂದರೆ ಅಂಚುಗಳು ಗರಗಸದ ಹಲ್ಲಿನಂತಾಗುತ್ತವೆ, ಕೂದಲು ನೀಲಿ ತೇಪೆಯಾಗುತ್ತದೆ. ನಯವಾದ ಭಾಗದಲ್ಲಿ ಬಣ್ಣ ಪಟ್ಟೆಪಟ್ಟೆಯಾಗಿ ಒಡೆದು ಕಂಡರೆ `Dither` ಗುರುತು ಹಾಕಿ.

ಇನ್ನು ಹಿನ್ನೆಲೆ. ಇದೇ ಮ್ಯಾಪನ್ನು ಹಾಗೇ ಹಾಕಿದರೆ ಕಟ್ಟಡಗಳೂ ಪೂರ್ತಿ ನೀಲಿಯಿಂದ ಪೂರ್ತಿ ಹಳದಿವರೆಗೆ ಹರಡಿಕೊಂಡು ಮನುಷ್ಯ ಅದರೊಳಗೆ ಮುಳುಗುತ್ತಾನೆ. ಆದ್ದರಿಂದ ಕಟ್ಟಡಗಳ ಲೇಯರ್‌ನ ಮೇಲೆ, ಕಟೌಟ್‌ನ ಕೆಳಗೆ, ಮೊದಲು `Levels` ಹಾಕಿ. ಅದರ `Output Levels` ಸಾಲಿನಲ್ಲಿ ಎಡಗಡೆಯ 0 ಅನ್ನು 150 ಮಾಡಿ. ಫೋಟೊ ಮಂಜು ಮುಸುಕಿದಂತೆ ಬಿಳಿಚುತ್ತದೆ. ಹೆದರಬೇಡಿ, ಬೇಕಾದದ್ದು ಅದೇ. ಅದರ ಮೇಲೆ ಅದೇ ಗ್ರೇಡಿಯಂಟ್ ಮ್ಯಾಪ್‌ನ ಪ್ರತಿ ಇಟ್ಟರೆ ಕಟ್ಟಡಗಳ ಅತಿ ಗಾಢ ನೆರಳೂ ಸಾಸಿವೆ ಹಳದಿಗಿಂತ ಕೆಳಗಿಳಿಯುವುದಿಲ್ಲ. ನೀಲಿ ಕಟೌಟ್‌ಗೆ ಮಾತ್ರ ಮೀಸಲಾಗುತ್ತದೆ. ಈ ಎರಡು ಲೇಯರ್‌ಗಳು ಕಟೌಟ್‌ನ ಕೆಳಗಿರುವುದರಿಂದ ಇಲ್ಲಿ ಕ್ಲಿಪ್ ಮಾಡುವ ಅಗತ್ಯವಿಲ್ಲ.

ಈಗ 200%ಕ್ಕೆ ಹಿಗ್ಗಿಸಿ ಕಟೌಟ್‌ನ ಅಂಚಿನುದ್ದಕ್ಕೂ ಕಣ್ಣು ಹಾಯಿಸಿ. ಮೂಲ ಫೋಟೊದ ಹಿಂಬದಿ ಗಾಢವಾಗಿದ್ದರೆ ಅದರ ಉಳಿಕೆ ಮುಖದ ಸುತ್ತ ನೀಲಿ ದಾರದಂತೆ ಕಾಣುತ್ತದೆ. ಬೆಳ್ಳಗಿದ್ದರೆ ಕಪ್ಪು ಕೂದಲ ಅಂಚಿಗೆ ಹಳದಿ ದಾರ. ಕಟೌಟ್‌ನ ಮಾಸ್ಕ್ ಆರಿಸಿ `Select and Mask` ತೆರೆದು `Shift Edge` ಅನ್ನು −10ರಿಂದ −20ರೊಳಗೆ ಇಳಿಸಿದರೆ ದಾರ ಮಾಯವಾಗುತ್ತದೆ. `Feather` ಅರ್ಧ ಪಿಕ್ಸೆಲ್ ದಾಟದಿರಲಿ. ಅಂಚು ಮೆತ್ತಗಾದಷ್ಟೂ ನೀಲಿ-ಹಳದಿ ಅಲ್ಲಿ ಬೆರೆತು, ನಾವು ಕಷ್ಟಪಟ್ಟು ಹೊರಗಟ್ಟಿದ ಕಂದು ಮತ್ತೆ ಬರುತ್ತದೆ.

ಕೊನೆಗೆ ಚಿತ್ರವನ್ನು 10%ಕ್ಕೆ ಕುಗ್ಗಿಸಿ ನೋಡಿ. ಬಿಸಿಲು ಬಿದ್ದ ಕೆನ್ನೆ ಹಳದಿ ಹಿನ್ನೆಲೆಯೊಳಗೆ ಕರಗಿ ಮುಖಕ್ಕೆ ಒಂದು ಬದಿಯೇ ಇಲ್ಲದಂತಾಗಿರಬಹುದು. ಆಗ ಮ್ಯಾಪನ್ನು ಮುಟ್ಟಬೇಡಿ. ಕಟ್ಟಡಗಳ ಲೇಯರನ್ನು ಸರಿಸಿ, ಒಂದು ಸಾಸಿವೆ ಬಣ್ಣದ ನೆರಳಿನ ಗೋಡೆಯನ್ನು ಆ ಕೆನ್ನೆಯ ಹಿಂದೆ ತಂದು ನಿಲ್ಲಿಸಿ.