ಗುಬ್ಬಿ ಬಸ್ಸಿನ ಟಿಕೆಟ್ ಮತ್ತು ಹತ್ತೊಂಬತ್ತು ನಿಮಿಷ: ಶಿಸ್ತು ಸಮಿತಿಯ ನಡಾವಳಿ ನಾನು ಬರೆದ ಬಗೆ

ತುಮಕೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಶಿಸ್ತು ಸಮಿತಿಯ ಸದಸ್ಯ ಕಾರ್ಯದರ್ಶಿ. ವಿಚಾರಣೆಯ ನಡಾವಳಿ ಬರೆಯುವ ಕೆಲಸ ನನ್ನದು. ನಮ್ಮ ಹಳೆಯ ನಡಾವಳಿ ಪುಸ್ತಕ ತೆಗೆದು ನೋಡಿದರೆ ಎಷ್ಟೋ ಪ್ರಕರಣ ಒಂದೇ ಸಾಲಿನಲ್ಲಿ ಮುಗಿದಿವೆ: ‘ವಿದ್ಯಾರ್ಥಿಯು ತಪ್ಪೊಪ್ಪಿಕೊಂಡಿದ್ದು, ಸಮಿತಿಯು ಸರ್ವಾನುಮತದಿಂದ ಕ್ರಮಕ್ಕೆ ಶಿಫಾರಸು ಮಾಡಿದೆ.’ ಏನನ್ನು ಒಪ್ಪಿಕೊಂಡ, ಯಾವ ಸಾಕ್ಷ್ಯ ನೋಡಿದರು, ಅವನು ಹೇಳಿದ್ದನ್ನು ಯಾಕೆ ನಂಬಲಿಲ್ಲ, ಇದ್ಯಾವುದೂ ಅಲ್ಲಿಲ್ಲ. ನಾನು ಹಾಗೆ ಬರೆಯುವುದಿಲ್ಲ. ಹೇಗೆ ಬರೆಯುತ್ತೇನೆ ಅನ್ನೋದನ್ನ ಒಂದು ಪ್ರಕರಣ ಹಿಡಿದು ಹೇಳುತ್ತೇನೆ. ಯಾರ ಗುರುತೂ ಸಿಗದ ಹಾಗೆ ಕೆಲವು ವಿವರ ಬಿಟ್ಟಿದ್ದೇನೆ.

ಬಿಎಸ್ಸಿ ಎರಡನೇ ವರ್ಷದ ಹುಡುಗ. ದಿನಾ ಗುಬ್ಬಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ. ರಸಾಯನಶಾಸ್ತ್ರದ ಇಂಟರ್ನಲ್ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಒಂಬತ್ತು ಅಂಕ ಬಂದಿತ್ತು. ಸೋಮವಾರ ಮೇಡಂ ಬ್ಲೂ ಬುಕ್ ತೋರಿಸಿದಾಗ, ‘ನಾಲ್ಕನೇ ಪ್ರಶ್ನೆಗೆ ಅಂಕವೇ ಹಾಕಿಲ್ಲ ಮೇಡಂ’ ಅಂದ. ನೋಡಿದರೆ ಆರು ಅಂಕದ ಆ ಪ್ರಶ್ನೆಗೆ ಪೂರ್ತಿ ಉತ್ತರ ಇತ್ತು. ಶುಕ್ರವಾರ ತಾವು ತಿದ್ದಿದಾಗ ಆ ಪುಟ ಖಾಲಿ ಇತ್ತು ಎಂದು ಮೇಡಂ ದೂರು ಕೊಟ್ಟರು. ಮೌಲ್ಯಮಾಪನ ಆದ ಮೇಲೆ ಯಾರೋ ಸ್ಟಾಫ್ ರೂಮಿಗೆ ಹೋಗಿ ಉತ್ತರ ಸೇರಿಸಿದ್ದಾರೆ ಅನ್ನೋದು ದೂರಿನ ಸಾರ.

ಮೊದಲ ಕೆಲಸ, ಸಮಿತಿಯಲ್ಲಿ ಯಾರು ಕೂರಬೇಕು ಅನ್ನೋದು. ದೂರು ಕೊಟ್ಟ ಮೇಡಂ ನಮ್ಮ ಸಮಿತಿಯ ಸದಸ್ಯೆಯೂ ಹೌದು. ದೂರು ಕೊಟ್ಟವರೇ ತೀರ್ಪು ಕೊಡುವವರ ಜೊತೆ ಕೂತರೆ ಉಳಿದದ್ದೆಲ್ಲ ಸರಿಯಿದ್ದರೂ ವಿಚಾರಣೆ ನಿಲ್ಲುವುದಿಲ್ಲ. ಪ್ರಿನ್ಸಿಪಾಲರು ಅವರ ಜಾಗಕ್ಕೆ ಬೇರೆ ವಿಭಾಗದವರನ್ನು ಹಾಕಿದರು. ‘ದೂರುದಾರರು ಸಾಕ್ಷಿಯಾಗಿ ಹೇಳಿಕೆ ಕೊಟ್ಟು ಹೊರಗೆ ಹೋದರು, ಚರ್ಚೆಯ ಸಮಯದಲ್ಲಿ ಹಾಜರಿರಲಿಲ್ಲ’ ಎಂದು ನಡಾವಳಿಯ ಮೊದಲ ಪುಟದಲ್ಲೇ ಬರೆದೆ. ಅವರು ಎದ್ದು ಹೋದದ್ದು ನಮಗೆಲ್ಲ ಗೊತ್ತು ನಿಜ. ಆದರೆ ಮೇಲ್ಮನವಿ ಓದುವವರಿಗೆ ಕಾಗದದಲ್ಲಿ ಇದ್ದದ್ದು ಮಾತ್ರ ಗೊತ್ತಾಗುತ್ತೆ.

ನೋಟಿಸಿನಲ್ಲಿ ಆರೋಪಗಳನ್ನು ಬಿಡಿಬಿಡಿಯಾಗಿ ಬರೆದೆ. ‘ದುರ್ನಡತೆ ತೋರಿದ್ದೀರಿ’ ಅಂತ ಬರೆದರೆ ಹುಡುಗ ಯಾವುದಕ್ಕೆ ಉತ್ತರ ಕೊಡಬೇಕು? ಒಂದು, ಶುಕ್ರವಾರ ಸಂಜೆ ಅನುಮತಿ ಇಲ್ಲದೆ ಸ್ಟಾಫ್ ರೂಮಿಗೆ ಹೋಗಿದ್ದು. ಎರಡು, ತಿದ್ದಿದ ಬ್ಲೂ ಬುಕ್‌ಗೆ ಉತ್ತರ ಸೇರಿಸಿದ್ದು. ಮೂರು, ದುಡ್ಡು ತಗೊಂಡು ಬೇರೆಯವರಿಗೂ ಹೀಗೆ ಮಾಡಿಕೊಟ್ಟಿದ್ದು. ಮೂರನೆಯದಕ್ಕೆ ಆಧಾರ ಒಂದು ವಾಟ್ಸ್‌ಆಪ್ ಸ್ಕ್ರೀನ್‌ಶಾಟ್. ಪ್ರತಿಯೊಂದರ ನಕಲನ್ನೂ ನೋಟಿಸಿನ ಜೊತೆ ಕೊಟ್ಟು, ಲಿಖಿತ ಉತ್ತರಕ್ಕೆ ಏಳು ದಿನ ಕೊಟ್ಟೆವು. ವಿದ್ಯಾರ್ಥಿಯ ಮಾತು ಕೇಳದೆ ಶಿಕ್ಷೆ ಕೊಡುವ ಹಾಗಿಲ್ಲ ಅನ್ನೋದು ಇವತ್ತಿನ ಮಾತಲ್ಲ. ಪರೀಕ್ಷಾ ಅಕ್ರಮದ ಘನಶ್ಯಾಮ್ ದಾಸ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ.

ಹುಡುಗ ಬರೆದ ಉತ್ತರ ಚಿಕ್ಕದು. ‘ನಾನು ಸ್ಟಾಫ್ ರೂಮಿಗೆ ಹೋಗಿಲ್ಲ. ನಾಲ್ಕೂವರೆಗೇ ಕಾಲೇಜು ಬಿಟ್ಟು ಗುಬ್ಬಿ ಬಸ್ ಹತ್ತಿದ್ದೇನೆ. ಕ್ಲಾಸಿನ ಹುಡುಗಿಯೊಬ್ಬಳು ಅದೇ ಬಸ್ಸಿನಲ್ಲಿದ್ದಳು.’

ಇಲ್ಲೇ ಇಡೀ ಪ್ರಕರಣ ಎತ್ತ ಬೇಕಾದರೂ ವಾಲಬಹುದಿತ್ತು. ಕಾರಿಡಾರಿನ ಸಿಸಿಟಿವಿಯಲ್ಲಿ ಅವನು ಸ್ಟಾಫ್ ರೂಮಿನ ಒಳಗೆ ಹೋಗಿದ್ದು 4.51ಕ್ಕೆ, ಹೊರಗೆ ಬಂದಿದ್ದು 4.54ಕ್ಕೆ. ಆ ಹುಡುಗಿ ವಿಚಾರಣೆಗೆ ಬಂದಳು. ‘ಬಸ್ ಇನ್ನೇನು ಹೊರಡಬೇಕು ಅನ್ನುವಾಗ ಹತ್ತಿದ ಸಾರ್, ನನ್ನ ಹಿಂದಿನ ಸೀಟಿನಲ್ಲೇ ಕೂತಿದ್ದ’ ಅಂದಳು. ಅವಳ ಬ್ಯಾಗಿನಲ್ಲಿ ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ ಇತ್ತು. ಹುಡುಗನ ಹತ್ತಿರ ಸ್ಟೂಡೆಂಟ್ ಪಾಸ್, ತೋರಿಸಲು ಟಿಕೆಟ್ ಇರಲಿಲ್ಲ. ಅವಳ ಟಿಕೆಟ್ಟಿನ ಮೇಲೆ ಅದೇ ಶುಕ್ರವಾರ, ಸಂಜೆ 4.46 ಎಂದು ಅಚ್ಚಾಗಿತ್ತು. 4.46ಕ್ಕೆ ಬಸ್ಸಿನಲ್ಲಿದ್ದವನು 4.51ಕ್ಕೆ ಸ್ಟಾಫ್ ರೂಮಿಗೆ ಹೇಗೆ ಹೋಗುತ್ತಾನೆ? ‘ಆ ಹುಡುಗಿ ಫ್ರೆಂಡ್ ಪರ ಸುಳ್ಳು ಹೇಳ್ತಿದ್ದಾಳೆ’ ಅಂದರು ನಮ್ಮ ಒಬ್ಬ ಸದಸ್ಯರು. ‘ಹಾಗಾದರೆ ವಿಡಿಯೋದಲ್ಲಿರೋದು ಬೇರೆ ಹುಡುಗ ಇರಬಹುದು, ಬಿಟ್ಟುಬಿಡೋಣ’ ಅಂದರು ಇನ್ನೊಬ್ಬರು.

ಸಿಸಿಟಿವಿಯ ಗಡಿಯಾರವನ್ನು ನಾನು ಯಾವತ್ತೂ ಹಾಗೇ ನಂಬುವುದಿಲ್ಲ. ಡಿವಿಆರ್ ಇಂಟರ್ನೆಟ್‌ಗೆ ಸೇರಿರದಿದ್ದರೆ ಅದರ ಸಮಯ ನಿಧಾನಕ್ಕೆ ಜಾರುತ್ತೆ, ಒಳಗಿನ ಬ್ಯಾಟರಿ ಹೋದರೆ ಇನ್ನೂ ಜಾಸ್ತಿ. ದೂರು ಬಂದ ಸೋಮವಾರವೇ ವಿಡಿಯೋ ನಕಲು ಮಾಡಿಸಿದ್ದೆ. ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತೆ, ಕಾಯುತ್ತಾ ಕೂತರೆ ಸಾಕ್ಷ್ಯವೇ ಇರಲ್ಲ. ಅವತ್ತೇ ಮೊಬೈಲಿನ ಗಡಿಯಾರ ತೆರೆದು ಕ್ಯಾಮೆರಾ ಎದುರು ಹಿಡಿದು ನಿಂತಿದ್ದೆ. ಆಮೇಲೆ ಆ ತುಣುಕು ಹಾಕಿ ನೋಡಿದರೆ ಡಿವಿಆರ್ ಹತ್ತೊಂಬತ್ತು ನಿಮಿಷ ಮುಂದಿತ್ತು.

ಆದರೆ ಅದು ಸೋಮವಾರದ ವ್ಯತ್ಯಾಸ. ಶುಕ್ರವಾರವೂ ಅಷ್ಟೇ ಇತ್ತು ಅನ್ನೋದಕ್ಕೆ ಏನು ಆಧಾರ? ಬಯೋಮೆಟ್ರಿಕ್ ಯಂತ್ರ ಅದೇ ಕಾರಿಡಾರಿನ ತುದಿಯಲ್ಲಿದೆ. ಶುಕ್ರವಾರ ಮೇಡಂ ಮನೆಗೆ ಹೊರಡುವಾಗ ಬೆರಳು ಒತ್ತಿದ ಸಮಯ ಯಂತ್ರದಲ್ಲಿ 4.26. ಅದೇ ಕ್ಷಣ ವಿಡಿಯೋದಲ್ಲಿ 4.45. ಯಂತ್ರದ ಸಮಯವನ್ನೂ ಮೊಬೈಲಿಗೆ ಹೋಲಿಸಿ ನೋಡಿದೆವು, ಸರಿಯಿತ್ತು. ಅಲ್ಲಿಗೆ ಶುಕ್ರವಾರವೂ ಹತ್ತೊಂಬತ್ತು ನಿಮಿಷವೇ. ಹುಡುಗ ನಿಜವಾಗಿ ಒಳಗೆ ಹೋಗಿದ್ದು 4.32ಕ್ಕೆ, ಬಂದಿದ್ದು 4.35ಕ್ಕೆ. ನಮ್ಮ ಗೇಟಿನಿಂದ ಬಸ್ ಹತ್ತುವ ಜಾಗಕ್ಕೆ ಐದಾರು ನಿಮಿಷದ ನಡಿಗೆ. 4.46ಕ್ಕೆ ಬಸ್ಸಿನಲ್ಲಿ ಇರಲು ಏನೂ ಅಡ್ಡಿ ಇಲ್ಲ.

ಈ ಲೆಕ್ಕವನ್ನು ಹುಡುಗನ ಎದುರಿಗೇ ಇಟ್ಟು ವಿಡಿಯೋ ತೋರಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಳಗೆ ಹೋಗಿದ್ದು ನಿಜ ಸಾರ್. ಅಸೈನ್‌ಮೆಂಟ್ ಇಡೋಕೆ ಹೋಗಿದ್ದೆ. ಉತ್ತರ ಟೆಸ್ಟಿನಲ್ಲೇ ಬರೆದಿದ್ದೆ, ಮೇಡಂ ನೋಡಿಲ್ಲ’ ಅಂದ. ಪಕ್ಕದಲ್ಲಿದ್ದ ಅವರಪ್ಪ ಕೈ ಮುಗಿದು, ‘ತಪ್ಪಾಯ್ತು ಸ್ವಾಮಿ, ಹುಡುಗು ಬುದ್ಧಿ, ಒಂದ್ಸಲ ಬುಟ್ಬುಡಿ’ ಅಂದರು. ‘ಒಪ್ಪಿಕೊಂಡ್ರಲ್ಲ, ಬರ್ಕೊಳ್ಳಿ’ ಎಂದು ಒಬ್ಬರು ನನ್ನ ಕಡೆ ನೋಡಿದರು. ನಾನು ಬರೆದದ್ದು ಇಷ್ಟು: ‘ವಿದ್ಯಾರ್ಥಿಯು ಕೊಠಡಿಗೆ ಹೋದದ್ದನ್ನು ಒಪ್ಪಿದ್ದಾನೆ. ಉತ್ತರ ಸೇರಿಸಿದ್ದನ್ನು ನಿರಾಕರಿಸಿದ್ದಾನೆ. ತಂದೆಯವರು ಕ್ಷಮೆ ಕೋರಿದರು. ಅದನ್ನು ವಿದ್ಯಾರ್ಥಿಯ ತಪ್ಪೊಪ್ಪಿಗೆ ಎಂದು ಪರಿಗಣಿಸಿಲ್ಲ.’ ಮಗನ ಓದು ನಿಂತುಹೋಗುತ್ತೆ ಎಂಬ ಭಯದಲ್ಲಿ ಬಂದ ಅಪ್ಪ ಏನು ಬೇಕಾದರೂ ಒಪ್ಪುತ್ತಾರೆ. ಆ ಮಾತನ್ನು ಮಗನ ವಿರುದ್ಧ ಬಳಸುವುದು ಅನ್ಯಾಯ.

ಎರಡನೇ ಆರೋಪಕ್ಕೆ ನೇರ ಸಾಕ್ಷಿ ಯಾರೂ ಇಲ್ಲ. ಕ್ಯಾಮೆರಾ ಕಾರಿಡಾರಿನದು, ಕೋಣೆಯ ಒಳಗೆ ಕಾಣುವುದಿಲ್ಲ. ಶಾಯಿಯ ಬಣ್ಣ ಬೇರೆ ಇದೆ ಎಂದು ಮೇಡಂ ಹೇಳಿದರು, ನನಗೂ ಹಾಗೇ ಕಂಡಿತು. ಆದರೆ ನಾವು ಕೈಬರಹ ತಜ್ಞರಲ್ಲ, ಟೆಸ್ಟಿನಲ್ಲಿ ಎರಡು ಪೆನ್ ಬಳಸುವವರೂ ಇದ್ದಾರೆ. ಆದ್ದರಿಂದ ಶಾಯಿಯನ್ನು ಆಧಾರವಾಗಿ ತೆಗೆದುಕೊಂಡಿಲ್ಲ ಎಂದೇ ಬರೆದೆವು. ಬಿಟ್ಟ ಸಾಕ್ಷ್ಯವನ್ನೂ, ಬಿಟ್ಟ ಕಾರಣವನ್ನೂ ಬರೆದಿಟ್ಟರೆ ಉಳಿದದ್ದರ ತೂಕ ಹೆಚ್ಚುತ್ತೆ.

ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಅಂಕಗಳ ಪಟ್ಟಿಯಲ್ಲಿ. ಮೇಡಂ ಪ್ರಶ್ನೆವಾರು ಅಂಕ ಬರೆಯುತ್ತಾರೆ. ಅವನ ಹೆಸರಿನ ಮುಂದೆ ನಾಲ್ಕನೇ ಪ್ರಶ್ನೆಯ ಮನೆಯಲ್ಲಿ ‘ಉತ್ತರಿಸಿಲ್ಲ’ ಎಂಬ ಗುರುತಿತ್ತು. ಆಮೇಲೆ ಬರೆದಿರಬಹುದು ಅನ್ನಬಹುದಲ್ವಾ? ಆದರೆ ಆ ಪಟ್ಟಿಯ ಫೋಟೋ ಶುಕ್ರವಾರ ಮಧ್ಯಾಹ್ನ 3.50ಕ್ಕೇ ವಿಭಾಗದ ವಾಟ್ಸ್‌ಆಪ್ ಗುಂಪಿಗೆ ಹೋಗಿತ್ತು. ಹುಡುಗ ಕೋಣೆಗೆ ಹೋಗುವ ಮೊದಲೇ, ದೂರಿನ ಯೋಚನೆಯೇ ಇಲ್ಲದಾಗ. ಗುಂಪಿನ ಬೇರೊಬ್ಬ ಸದಸ್ಯರ ಫೋನಿನಲ್ಲೂ ಅದನ್ನು ನೋಡಿದೆವು. ಇನ್ನು ಅಸೈನ್‌ಮೆಂಟ್ ಮಾತು. ಕೊಟ್ಟವರ ಪಟ್ಟಿಯಲ್ಲಿ ಅವನ ಸಹಿ ಎರಡು ದಿನ ಮುಂಚಿನ ಬುಧವಾರವೇ ಇತ್ತು. ‘ಇನ್ನೊಂದು ಅಸೈನ್‌ಮೆಂಟ್ ಏನಾದರೂ ಇತ್ತೇನಪ್ಪಾ?’ ಎಂದು ಕೇಳಿದೆವು. ಇರಲಿಲ್ಲ.

ನಿರ್ಣಯದ ಆ ಭಾಗ ಹೀಗಿದೆ: ‘ಮೌಲ್ಯಮಾಪನದ ಸಮಯದಲ್ಲಿ ಉತ್ತರ ಇರಲಿಲ್ಲ ಎಂಬುದು 3.50ರ ಫೋಟೋದಿಂದ ಕಾಣುತ್ತದೆ. ಸೋಮವಾರ ಉತ್ತರ ಇತ್ತು. ಈ ನಡುವೆ ವಿದ್ಯಾರ್ಥಿ ಒಬ್ಬನೇ ಕೊಠಡಿಯಲ್ಲಿದ್ದ. ಹೋದದ್ದಕ್ಕೆ ಕೊಟ್ಟ ಕಾರಣ ದಾಖಲೆಗೆ ಹೊಂದುವುದಿಲ್ಲ. ಮೊದಲು ನಿರಾಕರಿಸಿ ಆಮೇಲೆ ಒಪ್ಪಿದ್ದು ಭಯದಿಂದಲೂ ಇರಬಹುದಾದ್ದರಿಂದ ಅದೊಂದನ್ನೇ ಆಧಾರ ಮಾಡಿಲ್ಲ. ಮೂರು ನಿಮಿಷದಲ್ಲಿ ಇಷ್ಟು ಉದ್ದದ ಉತ್ತರ ಬರೆಯಲಾಗದು. ಪುಸ್ತಕವನ್ನು ಹೊರಗೆ ಒಯ್ದು ಮತ್ತೆ ಇಟ್ಟಿರುವ ಸಂಭವವೇ ಹೆಚ್ಚು. ಸೋಮವಾರ ಬೆಳಿಗ್ಗೆ ಕ್ಲಾಸಿಗೆ ಮುಂಚೆ ಅವನು ಮತ್ತೆ ಆ ಕೊಠಡಿಗೆ ಹೋದದ್ದು ವಿಡಿಯೋದಲ್ಲಿದೆ.’ ಆ ಮೂರು ನಿಮಿಷದ ಪ್ರಶ್ನೆಯನ್ನು ಹುಡುಗನ ಪರವಾಗಿ ನಾವೇ ಎತ್ತಿದ್ದು. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗಲೇ ಸೋಮವಾರದ ತುಣುಕು ಸಿಕ್ಕಿತು. ಅದನ್ನೂ ಅವನಿಗೆ ತೋರಿಸಿ, ಏನು ಹೇಳುತ್ತೀಯ ಎಂದು ಕೇಳಿ, ಅವನ ಮಾತು ಬರೆದುಕೊಂಡ ಮೇಲಷ್ಟೇ ಬಳಸಿದೆವು.

ಇಂಥ ವಿಚಾರಣೆಯಲ್ಲಿ ಕ್ರಿಮಿನಲ್ ಕೇಸಿನ ಹಾಗೆ ಸಂಶಯವೇ ಉಳಿಯದಷ್ಟು ರುಜುವಾತು ಬೇಕಿಲ್ಲ. ಯಾವುದು ನಡೆದಿರುವ ಸಂಭವ ಹೆಚ್ಚು ಅನ್ನೋದನ್ನು ಸಾಕ್ಷ್ಯದ ಮೇಲೆ ತೀರ್ಮಾನಿಸಿದರೆ ಸಾಕು. ಹಾಗಂತ ಗಾಳಿಮಾತು ಸಾಕ್ಷ್ಯವಾಗುವುದಿಲ್ಲ. ಮೂರನೇ ಆರೋಪದ ಸ್ಕ್ರೀನ್‌ಶಾಟ್ ಮೇಲೆ ಕೆಳಗೆ ಕತ್ತರಿಸಿತ್ತು. ಕಳಿಸಿದವರ ಹೆಸರಿಲ್ಲ, ತಾರೀಖಿಲ್ಲ, ತಂದುಕೊಟ್ಟ ವಿದ್ಯಾರ್ಥಿ ಮೂಲ ಫೋನ್ ತೋರಿಸಲಿಲ್ಲ. ‘ಸಾಬೀತಾಗಿಲ್ಲ, ಶಿಕ್ಷೆ ನಿರ್ಧರಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ’ ಎಂದು ಬರೆದೆ.

ಶಿಕ್ಷೆಯ ಚರ್ಚೆ ಬೇರೆಯಾಗಿ ನಡೆಯಿತು. ಒಬ್ಬರು ಟಿಸಿ ಕೊಟ್ಟು ಕಳಿಸಬೇಕು ಅಂದರು. ತಿಂಗಳು ಅಮಾನತು ಎಂಬ ಸಲಹೆಯೂ ಬಂತು. ಆಗ ಹಾಜರಾತಿ ಪುಸ್ತಕ ತರಿಸಿದೆವು. ತಿಂಗಳು ಹೊರಗಿಟ್ಟರೆ ಶೇಕಡ 75ರ ಕೆಳಗೆ ಇಳಿದು, ಪರೀಕ್ಷೆಗೇ ಕೂರಲಾಗದೆ ಹೋಗುತ್ತಿದ್ದ. ಹೆಸರಿಗೆ ತಿಂಗಳ ಶಿಕ್ಷೆ, ಆದರೆ ಪೆಟ್ಟು ಅದಕ್ಕಿಂತ ಎಷ್ಟೋ ದೊಡ್ಡದು. ಕೊನೆಗೆ ಬಹುಮತದಿಂದ ಆ ಟೆಸ್ಟಿನ ಅಂಕ ಪೂರ್ತಿ ರದ್ದು, ಲಿಖಿತ ಅಂತಿಮ ಎಚ್ಚರಿಕೆ, ನಡತೆ ಪ್ರಮಾಣಪತ್ರದಲ್ಲಿ ಉಲ್ಲೇಖ ಬೇಡ ಎಂದು ತೀರ್ಮಾನವಾಯಿತು. ಮೊದಲ ಸಲದ ತಪ್ಪು ಎಂಬುದನ್ನೂ ಕಾರಣವಾಗಿ ಬರೆದೆವು. ಟಿಸಿ ಕೇಳಿದವರ ಭಿನ್ನಾಭಿಪ್ರಾಯವನ್ನು ಅವರದೇ ಮಾತಿನಲ್ಲಿ ದಾಖಲಿಸಿದೆ. ಅದನ್ನು ಮುಚ್ಚಿ ‘ಸರ್ವಾನುಮತ’ ಅಂದಿದ್ದರೆ ಸುಳ್ಳು ಬರೆದಂತಾಗುತ್ತಿತ್ತು.

ಕಾರಣಗಳನ್ನೆಲ್ಲ ಆವತ್ತೇ ಬರೆಯಬೇಕು ಎಂದು ನಾನು ಹಟ ಮಾಡುವುದಕ್ಕೆ ಕಾನೂನಿನ ಬಲವೂ ಇದೆ. ಆದೇಶ ಅದರೊಳಗೆ ಇರುವ ಕಾರಣಗಳ ಮೇಲೇ ನಿಲ್ಲಬೇಕು, ಆಮೇಲೆ ಅಫಿಡವಿಟ್ ಹಾಕಿ ಹೊಸ ಕಾರಣ ಸೇರಿಸುವ ಹಾಗಿಲ್ಲ ಎಂದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಚುನಾವಣೆಯ ಪ್ರಕರಣ, ಆದರೆ ಕಾಲೇಜಿನ ಆದೇಶ ಕೋರ್ಟಿಗೆ ಹೋದಾಗಲೂ ವಕೀಲರು ಅದನ್ನೇ ಮುಂದಿಡುತ್ತಾರೆ.

ಪ್ರತಿ ಪುಟಕ್ಕೂ ಸದಸ್ಯರೆಲ್ಲ ಸಹಿ ಹಾಕಿದರು. ಹುಡುಗನ ಹೇಳಿಕೆಯನ್ನು ಓದಿ ಹೇಳಿ ಅವನ ಸಹಿಯನ್ನೂ ತಗೊಂಡೆವು. ವಿಡಿಯೋದ ಪೆನ್‌ಡ್ರೈವ್ ಲಕೋಟೆಯಲ್ಲಿ ಸೀಲಾಗಿ ಕಡತ ಸೇರಿತು. ಟಿಕೆಟ್ಟಿನ ಅಚ್ಚು ದಿನ ಕಳೆದ ಹಾಗೆ ಮಾಸಿಹೋಗುತ್ತೆ, ಅದಕ್ಕೇ ಜೆರಾಕ್ಸ್ ಮಾಡಿ ದೃಢೀಕರಿಸಿ ಇಟ್ಟೆ. ಆ ಹುಡುಗಿ ಸುಳ್ಳು ಹೇಳಿದ್ದಾಳೆ ಎಂಬ ಮಾತು ಸಮಿತಿಯಲ್ಲಿ ಬಂದಿತ್ತಲ್ಲ, ಅದಕ್ಕೆ ಒಂದು ಸಾಲು ಬೇರೆಯಾಗಿಯೇ ಸೇರಿಸಿದೆ: ‘ಈ ಸಾಕ್ಷಿಯ ಹೇಳಿಕೆ ಟಿಕೆಟ್ಟಿನ ಸಮಯಕ್ಕೂ ಸರಿಪಡಿಸಿದ ವಿಡಿಯೋ ಸಮಯಕ್ಕೂ ಹೊಂದುತ್ತದೆ. ಸಮಿತಿ ಅದನ್ನು ಪೂರ್ತಿ ನಂಬಿದೆ.’ ಆದೇಶದ ಪ್ರತಿಯನ್ನು, ಹದಿನೈದು ದಿನದೊಳಗೆ ಆಡಳಿತ ಮಂಡಳಿಗೆ ಮೇಲ್ಮನವಿ ಹಾಕಬಹುದು ಎಂಬ ಸೂಚನೆಯ ಸಮೇತ, ಹುಡುಗನ ಕೈಗೆ ಕೊಟ್ಟು ಸ್ವೀಕೃತಿ ಪಡೆದೆವು. ನೋಟಿಸ್ ಬೋರ್ಡಿಗೆ ಏನೂ ಹಾಕಲಿಲ್ಲ.