ಬುಶಿಂಗ್ ಪರೀಕ್ಷೆಯ ಎರಡು ಅಂಕಿಗಳನ್ನು ಓದುವುದು ಹೇಗೆ?

132 ಕಿಲೋವೋಲ್ಟ್‌ನ ಟ್ರಾನ್ಸ್‌ಫಾರ್ಮರ್‌ನಲ್ಲಿ ಪ್ರತಿ ಫೇಸ್‌ಗೂ ಭೂಮಿಗೂ ನಡುವೆ ಸುಮಾರು 76 ಕಿಲೋವೋಲ್ಟ್ ಒತ್ತಡವಿರುತ್ತದೆ. ಆ ಒತ್ತಡವನ್ನು ಹೊತ್ತ ವಾಹಕವು, ಭೂಮಿಗೆ ಸೇರಿಸಿದ ಉಕ್ಕಿನ ಟ್ಯಾಂಕಿನಲ್ಲಿ ಕೊರೆದ ಒಂದೆರಡು ಗೇಣು ಅಗಲದ ರಂಧ್ರದ ಮೂಲಕ ಹೊರಗೆ ಬರಬೇಕು. ಆ ದಾರಿಯನ್ನು ಕಾಯುವುದೇ ಬುಶಿಂಗ್. ಟ್ರಾನ್ಸ್‌ಫಾರ್ಮರ್‌ನ ಒಳಗೆ ಅವಾಹಕಕ್ಕೆ ಸಾಕಷ್ಟು ಜಾಗವೂ ಎಣ್ಣೆಯೂ ಇರುತ್ತವೆ; ಬುಶಿಂಗಿಗೆ ಇವೆರಡೂ ಕಡಿಮೆ. ಕೆಳಗಿನಿಂದ ಬಿಸಿ ಎಣ್ಣೆಯ ಶಾಖ, ನಡುವೆ ವಾಹಕದಲ್ಲಿ ಹರಿಯುವ ಕರೆಂಟಿನ ಶಾಖ, ಮೇಲಿನಿಂದ ಬಿಸಿಲು ಮಳೆ ಎಲ್ಲವನ್ನೂ ಅದು ಒಟ್ಟಿಗೆ ತಾಳಿಕೊಳ್ಳಬೇಕಾಗುತ್ತದೆ. ಮೇಲ್ತುದಿಯ ಗ್ಯಾಸ್ಕೆಟ್ ವಯಸ್ಸಾಗಿ ಗಡುಸಾದರೆ ತೇವಾಂಶ ಮೆಲ್ಲಗೆ ಒಳಗಿಳಿಯುತ್ತದೆ. ಟ್ರಾನ್ಸ್‌ಫಾರ್ಮರ್‌ಗಳ ವೈಫಲ್ಯದ ಪಟ್ಟಿಯಲ್ಲಿ ಬುಶಿಂಗಿನ ಹೆಸರು ಪದೇ ಪದೇ ಕಾಣಲು ಇದೇ ಕಾರಣ. ಅದು ಸಿಡಿದಾಗ ಪಿಂಗಾಣಿಯ ಚೂರುಗಳು ಹಾರುವುದಲ್ಲದೆ, ಹೊರಚೆಲ್ಲಿದ ಎಣ್ಣೆಗೆ ಬೆಂಕಿ ಹತ್ತಿ ಇಡೀ ಟ್ರಾನ್ಸ್‌ಫಾರ್ಮರ್ ಕೈತಪ್ಪುವುದೂ ಉಂಟು.

ಎಣ್ಣೆಯಲ್ಲಿ ನೆನೆದ ಕಾಗದದ ಬುಶಿಂಗಿನ ಒಳರಚನೆ ತಿಳಿದರೆ ಪರೀಕ್ಷೆ ತಾನಾಗಿಯೇ ಅರ್ಥವಾಗುತ್ತದೆ. ನಡುವಿನ ವಾಹಕದ ಸುತ್ತ ಕಾಗದವನ್ನು ಸುತ್ತುತ್ತಾ, ನಿಗದಿತ ಅಂತರಗಳಲ್ಲಿ ತೆಳು ಅಲ್ಯುಮಿನಿಯಂ ಹಾಳೆಯನ್ನು ಇಡುತ್ತಾರೆ. ಹೀಗೆ ಸರಣಿಯಲ್ಲಿ ಜೋಡಿಸಿದ ಹಲವು ಕೆಪಾಸಿಟರ್‌ಗಳು ಸಿದ್ಧವಾಗಿ, ಒಟ್ಟು ವೋಲ್ಟೇಜನ್ನು ಹೆಚ್ಚುಕಡಿಮೆ ಸಮನಾಗಿ ಹಂಚಿಕೊಳ್ಳುತ್ತವೆ. 25 ಪದರಗಳಿದ್ದರೆ ಒಂದೊಂದರ ಪಾಲಿಗೆ ಸುಮಾರು 3 ಕಿಲೋವೋಲ್ಟ್ ಬರುತ್ತದೆ. ಹೊರಪದರದಿಂದ ಒಂದು ತಂತಿಯನ್ನು ಫ್ಲೇಂಜಿನ ಬಳಿಯ ಟೆಸ್ಟ್ ಟ್ಯಾಪಿಗೆ ತಂದಿರುತ್ತಾರೆ. ವಾಹಕದಿಂದ ಟ್ಯಾಪಿನವರೆಗಿನ ಕೆಪಾಸಿಟೆನ್ಸಿಗೆ ಸಿ1 ಎಂದೂ, ಟ್ಯಾಪಿನಿಂದ ಫ್ಲೇಂಜಿನವರೆಗಿನದಕ್ಕೆ ಸಿ2 ಎಂದೂ ಹೆಸರು. ಪರೀಕ್ಷೆಯಲ್ಲಿ ಮುಖ್ಯವಾದುದು ಸಿ1.

ಇನ್ನು ಎರಡನೆಯ ಅಂಕಿ, ಟ್ಯಾನ್ ಡೆಲ್ಟಾ. ದೋಷವೇ ಇಲ್ಲದ ಅವಾಹಕದಲ್ಲಿ ಕರೆಂಟ್ ವೋಲ್ಟೇಜಿಗಿಂತ ಪೂರ್ತಿ 90 ಡಿಗ್ರಿ ಮುಂದಿರುತ್ತದೆ. ತೇವಾಂಶವೋ ಕೊಳಕೋ ಸೇರಿದಾಗ ಆ ಕೋನ ಕೊಂಚ ಕುಗ್ಗುತ್ತದೆ. ಕುಗ್ಗಿದ ಕೋನವೇ ಡೆಲ್ಟಾ, ಅದರ ಟ್ಯಾಂಜೆಂಟು ಅವಾಹಕದಲ್ಲಿ ಶಾಖವಾಗಿ ವ್ಯಯವಾಗುವ ಪಾಲನ್ನು ಹೇಳುತ್ತದೆ. ಶಾಖ ಏರಿದಂತೆ ಟ್ಯಾನ್ ಡೆಲ್ಟಾ ಏರುವುದು, ಅದು ಏರಿದಂತೆ ಶಾಖ ಮತ್ತೆ ಏರುವುದು, ಈ ವಿಷಚಕ್ರವೇ ಹದಗೆಟ್ಟ ಬುಶಿಂಗನ್ನು ಕೊನೆಗೆ ಒಡೆಯುತ್ತದೆ.

ಅಳತೆಗೆ ಮೊದಲು ಟ್ರಾನ್ಸ್‌ಫಾರ್ಮರ್ ಅನ್ನು ಎರಡೂ ಬದಿಯಿಂದ ಬೇರ್ಪಡಿಸಿ, ಅರ್ಥಿಂಗ್ ಮಾಡಿ, ಬುಶಿಂಗ್‌ಗಳಿಗೆ ಬಂದ ಲೈನಿನ ಜಂಪರ್‌ಗಳನ್ನು ಬಿಚ್ಚಬೇಕು. ಅನಂತರ ಪರೀಕ್ಷೆಯ ಬದಿಯ ಎಲ್ಲ ಟರ್ಮಿನಲ್‌ಗಳನ್ನು, ನ್ಯೂಟ್ರಲ್ ಸೇರಿದಂತೆ, ಬರಿ ತಂತಿಯಿಂದ ಒಂದಕ್ಕೊಂದು ಶಾರ್ಟ್ ಮಾಡಬೇಕು. ಉಳಿದ ವೈಂಡಿಂಗ್‌ಗಳನ್ನು ಶಾರ್ಟ್ ಮಾಡಿ ಭೂಮಿಗೆ ಸೇರಿಸಬೇಕು. ಈ ಹಂತವನ್ನು ಬಿಟ್ಟರೆ ವೈಂಡಿಂಗಿನ ಇಂಡಕ್ಟೆನ್ಸ್ ಅಳತೆಯೊಳಗೆ ನುಸುಳಿ ಅಂಕಿಯನ್ನೇ ಕೆಡಿಸುತ್ತದೆ. ಪಿಂಗಾಣಿಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಇಬ್ಬನಿ ಕೂತ ಮುಂಜಾವಿನಲ್ಲಿ ಅಳೆದವರು ಟ್ಯಾನ್ ಡೆಲ್ಟಾ ಸೊನ್ನೆಗಿಂತ ಕೆಳಗೆ ಇಳಿದದ್ದನ್ನು ಕಂಡು ಗಾಬರಿಯಾಗುವುದುಂಟು. ಅಲ್ಲಿ ತಪ್ಪು ಬುಶಿಂಗಿನದಲ್ಲ, ಮೇಲ್ಮೈಯಲ್ಲಿ ಹರಿದ ಸೋರಿಕೆ ಕರೆಂಟಿನದು.

ಟ್ಯಾಪಿನ ಮುಚ್ಚಳ ತೆಗೆದು, ಉಪಕರಣದ ಹೈ ವೋಲ್ಟೇಜ್ ಲೀಡನ್ನು ಬುಶಿಂಗಿನ ತಲೆಗೂ ಅಳತೆಯ ಲೀಡನ್ನು ಟ್ಯಾಪಿಗೂ ಜೋಡಿಸಿ, ಉಪಕರಣವನ್ನು ಯುಎಸ್‌ಟಿ ವಿಧಾನಕ್ಕೆ ಹೊಂದಿಸಬೇಕು. ಈ ವಿಧಾನದಲ್ಲಿ ಟ್ಯಾಪಿನಿಂದ ಬಂದ ಕರೆಂಟು ಮಾತ್ರ ಲೆಕ್ಕಕ್ಕೆ ಬರುತ್ತದೆ, ವೈಂಡಿಂಗಿನಿಂದ ಟ್ಯಾಂಕಿಗೆ ಇಳಿದದ್ದು ಬರುವುದಿಲ್ಲ. ಉಳಿದ ಬುಶಿಂಗ್‌ಗಳ ಟ್ಯಾಪ್‌ಗಳು ಭೂಮಿಗೆ ಸೇರಿಯೇ ಇರಲಿ. ಮೊದಲು 2 ಕಿಲೋವೋಲ್ಟ್, ಬಳಿಕ 10 ಕಿಲೋವೋಲ್ಟ್‌ನಲ್ಲಿ ಓದಬೇಕು. ಆರೋಗ್ಯವಂತ ಬುಶಿಂಗಿನಲ್ಲಿ ಎರಡೂ ಓದು ಒಂದೇ ಆಗಿರುತ್ತವೆ. ಉಷ್ಣತೆಯನ್ನು ಬರೆದಿಟ್ಟುಕೊಂಡು ಟ್ಯಾನ್ ಡೆಲ್ಟಾವನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಪರಿವರ್ತಿಸದಿದ್ದರೆ ಕಳೆದ ಸಲದ ಅಂಕಿಯೊಡನೆ ಹೋಲಿಸಲು ಬರುವುದಿಲ್ಲ. ಸಿ2 ಅಳೆಯುವಾಗ ವೋಲ್ಟೇಜನ್ನು ಟ್ಯಾಪಿಗೇ ಕೊಡುವುದರಿಂದ ಸಾಮಾನ್ಯವಾಗಿ 500 ವೋಲ್ಟ್ ಸಾಕು.

ಈಗ ಒಂದು ಉದಾಹರಣೆಯನ್ನು ನೋಡೋಣ. ಮೂರು ಬುಶಿಂಗ್‌ಗಳ ಫಲಕದಲ್ಲೂ ಸಿ1 380 ಪಿಕೋಫ್ಯಾರಡ್, ಟ್ಯಾನ್ ಡೆಲ್ಟಾ ಶೇ 0.35 ಎಂದಿದೆ ಎಂದುಕೊಳ್ಳಿ. ಅಳೆದಾಗ ಮೊದಲನೆಯದು 381 ಮತ್ತು 0.36, ಮೂರನೆಯದು 379 ಮತ್ತು 0.35, ನಡುವಿನದು 396 ಮತ್ತು 0.38 ತೋರಿಸುತ್ತವೆ. ಈ ಬಗೆಯ ಹೊಸ ಬುಶಿಂಗಿಗೆ ಐಇಸಿ 60137 ಮಾನಕ ಹಾಕಿರುವ ಮಿತಿ ಶೇ 0.7. ಟ್ಯಾನ್ ಡೆಲ್ಟಾದ ಕಾಲಂ ಮಾತ್ರ ನೋಡುವವರು ಮೂರಕ್ಕೂ ‘ಸರಿ’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಆದರೆ ನಡುವಿನ ಬುಶಿಂಗಿನ ಕೆಪಾಸಿಟೆನ್ಸ್ ಶೇ 4.2ರಷ್ಟು ಏರಿದೆ. ಸರಣಿಯಲ್ಲಿರುವ 25 ಕೆಪಾಸಿಟರ್‌ಗಳಲ್ಲಿ ಒಂದು ಶಾರ್ಟ್ ಆದರೆ ಒಟ್ಟು ಕೆಪಾಸಿಟೆನ್ಸ್ 25/24 ಪಟ್ಟು ಆಗುತ್ತದೆ. 380ನ್ನು ಅದರಿಂದ ಗುಣಿಸಿದರೆ ಬರುವುದು ಸರಿಸುಮಾರು 396. ಅಂದರೆ ಒಳಗೆ ಒಂದು ಪದರ ಈಗಾಗಲೇ ತೂತಾಗಿದೆ, ಅದರ ಹೊರೆಯನ್ನು ಉಳಿದ 24 ಹೊತ್ತಿವೆ. ಶಾರ್ಟ್ ಆದ ಪದರ ಸರಣಿಯಿಂದಲೇ ಹೊರಗುಳಿಯುವುದರಿಂದ ಟ್ಯಾನ್ ಡೆಲ್ಟಾ ಹೆಚ್ಚೇನೂ ಅಲುಗದೆ ಇರಬಹುದು.

ಕೆಪಾಸಿಟೆನ್ಸ್ ಶೇ 10 ಏರಿದರೆ ಬುಶಿಂಗ್ ತೆಗೆಯಬೇಕು ಎಂಬ ರೂಢಿಯ ನಿಯಮವನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಈ ಉದಾಹರಣೆಯಲ್ಲಿ ಆ ಮಿತಿ ಮುಟ್ಟಲು ಮೂರು ಪದರ ಹೋಗಬೇಕು, ಪದರಗಳು ಹೆಚ್ಚಿರುವ ಬುಶಿಂಗಿನಲ್ಲಿ ಇನ್ನೂ ಹೆಚ್ಚು. ತಯಾರಕರಿಂದ ಪದರಗಳ ಸಂಖ್ಯೆ ಕೇಳಿ ತಿಳಿದು, ಒಂದು ಪದರ ಹೋದರೆ ಎಷ್ಟು ಏರಬೇಕೆಂದು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವುದೇ ಮೇಲು. ಲೀಡುಗಳನ್ನು ಮತ್ತೆ ಜೋಡಿಸಿ ಅಳೆದರೂ 396 ಬಂದರೆ, ಆ ಬುಶಿಂಗನ್ನು ಅದೇ ಶಟ್‌ಡೌನ್‌ನಲ್ಲಿ ಬದಲಾಯಿಸುವುದು ಸರಿ.

ಇದಕ್ಕೆ ಉಲ್ಟಾ ಸಂದರ್ಭವೂ ಇದೆ: ಕೆಪಾಸಿಟೆನ್ಸ್ 380ರಲ್ಲೇ ನಿಂತು ಟ್ಯಾನ್ ಡೆಲ್ಟಾ 0.35ರಿಂದ 0.8ಕ್ಕೆ ಏರಿರುತ್ತದೆ. ಮೊದಲ ಅನುಮಾನ ತೇವಾಂಶದ ಮೇಲೆ. ಆದರೆ ಟ್ಯಾಪಿನ ಪಿನ್ ಮೇಲೆ ಕೂತ ಕಿಲುಬು ಕೂಡ ಸರಣಿಯಲ್ಲಿ ಪ್ರತಿರೋಧ ಸೇರಿಸಿ ಇದೇ ಲಕ್ಷಣ ತೋರಬಲ್ಲದು. ಹಾಗಾಗಿ ಪಿನ್ ಶುಚಿಗೊಳಿಸಿ ಮತ್ತೆ ಅಳೆಯದೆ ತೀರ್ಮಾನಕ್ಕೆ ಬರಬಾರದು. ಉಪಕರಣಕ್ಕೆ ಫ್ರೀಕ್ವೆನ್ಸಿ ಬದಲಿಸುವ ಸೌಲಭ್ಯವಿದ್ದರೆ 1 ಹರ್ಟ್ಜ್ ಸುಮಾರಿನಲ್ಲಿಯೂ ಓದಬೇಕು: ತೇವಾಂಶವಿದ್ದರೆ ಅಲ್ಲಿ ಟ್ಯಾನ್ ಡೆಲ್ಟಾ ಎದ್ದು ಕಾಣುವಷ್ಟು ಏರುತ್ತದೆ, ಪಿನ್ನಿನ ಸಂಪರ್ಕದ ದೋಷವಾದರೆ ಇಳಿಯುತ್ತದೆ.

ಕೊನೆಯ ಹಂತ ಟ್ಯಾಪಿನ ಮುಚ್ಚಳ. ಹಲವು ವಿನ್ಯಾಸಗಳಲ್ಲಿ ಟ್ಯಾಪನ್ನು ಭೂಮಿಗೆ ಸೇರಿಸುವುದು ಆ ಮುಚ್ಚಳದೊಳಗಿನ ಸ್ಪ್ರಿಂಗ್. ಸಿ2 1500 ಪಿಕೋಫ್ಯಾರಡ್ ಇರುವ ಬುಶಿಂಗಿಗೆ ಮುಚ್ಚಳ ಹಾಕದೆ ಚಾರ್ಜ್ ಮಾಡಿದರೆ ಟ್ಯಾಪಿನ ಮೇಲೆ 76ನ್ನು 380ರಿಂದ ಗುಣಿಸಿ 1880ರಿಂದ ಭಾಗಿಸಿದಷ್ಟು, ಅಂದರೆ 15 ಕಿಲೋವೋಲ್ಟಿಗೂ ಹೆಚ್ಚು ಬರುತ್ತದೆ. ಆದರೆ ಮಾನಕದ ಪ್ರಕಾರ ಟೆಸ್ಟ್ ಟ್ಯಾಪನ್ನು ಪರೀಕ್ಷಿಸುವ ಮಟ್ಟ ಬರೇ 2 ಕಿಲೋವೋಲ್ಟಿನ ಆಸುಪಾಸಿನದು. ಕಿಡಿ ಹಾರಿ, ಚೆನ್ನಾಗಿದ್ದ ಬುಶಿಂಗೇ ಪರೀಕ್ಷೆಯ ದೆಸೆಯಿಂದ ಹಾಳಾಗುತ್ತದೆ. ಆದ್ದರಿಂದ ಪರೀಕ್ಷಾ ಹಾಳೆಯಲ್ಲಿ ಪ್ರತಿ ಬುಶಿಂಗಿನ ಎದುರಿಗೂ ‘ಸ್ಪ್ರಿಂಗ್ ನೋಡಲಾಗಿದೆ, ಮುಚ್ಚಳ ಬಿಗಿಯಲಾಗಿದೆ’ ಎಂಬ ಸಾಲಿಗೆ ಪ್ರತ್ಯೇಕ ಸಹಿ ಇರಬೇಕು, ಆ ಸಹಿಯನ್ನು ಅಳತೆ ಮಾಡಿದವರಲ್ಲದೆ ಇನ್ನೊಬ್ಬರು ಏಣಿ ಹತ್ತಿ ಕಣ್ಣಾರೆ ನೋಡಿ ಹಾಕಬೇಕು.