ಸಲಾಂ ಹೇಳಿದ ಮೇಲೆ 33: ನಾನು ಎಣಿಸುವ ಬಗೆ

ಎಷ್ಟೋ ವರ್ಷ ನಾನು ಫರ್ಝ್ ನಮಾಝ್ ಆದ ಮೇಲಿನ ತಸ್ಬೀಹನ್ನು ತಪ್ಪದೆ ಹೇಳುತ್ತಿದ್ದೆ. ಆದರೆ ಏನು ಹೇಳುತ್ತಿದ್ದೆ ಅಂತ ಗಮನಿಸಿರಲಿಲ್ಲ. ಒಂದು ದಿನ ಮನೆಯಲ್ಲಿ ಇಶಾ ಮುಗಿಸಿ ಕೂತಿದ್ದಾಗ ತಂಗಿ ಕೇಳಿದಳು: "ಅಣ್ಣಾ, ನೀನು 'ಸುಭಾಲ್ಲಾ ಸುಭಾಲ್ಲಾ' ಅಂತಿದ್ದೀಯಲ್ಲ, ಹಾಗಂದ್ರೆ ಏನು?" ನನಗೆ ಉತ್ತರ ಬರಲಿಲ್ಲ. ಯಾಕಂದ್ರೆ ಆ ಪದಕ್ಕೆ ಅರ್ಥವೇ ಇಲ್ಲ. ಹೇಳಬೇಕಾದದ್ದು 'ಸುಬ್‌ಹಾನಲ್ಲಾಹ್'. ಅವಸರದಲ್ಲಿ ನಡುವಿನ 'ಹ' ಕರಗಿ ಹೋಗಿತ್ತು, ಕೊನೆಯ 'ಹ್' ಕೂಡ ಇರಲಿಲ್ಲ.

ಅಂದಿನಿಂದ ಇದನ್ನು ಮೊದಲಿನಿಂದ ಕಲಿತೆ. ಈಗ ಅಸರ್ ನಮಾಝ್ ಆದ ಮೇಲೆ ನಾನು ಹೇಗೆ ಮಾಡುತ್ತೇನೆ ಅನ್ನುವುದನ್ನೇ ಇಲ್ಲಿ ಬರೆಯುತ್ತೇನೆ.

ಎಡಕ್ಕೆ ಸಲಾಂ ಹೇಳಿ ಮುಗಿದ ಕೂಡಲೇ ಮೊದಲು 3 ಸಲ 'ಅಸ್ತಗ್ಫಿರುಲ್ಲಾಹ್'. ಅಂದರೆ, 'ಅಲ್ಲಾಹನಲ್ಲಿ ಕ್ಷಮೆ ಬೇಡುತ್ತೇನೆ.' ಈಗ ತಾನೇ ನಮಾಝ್ ಮಾಡಿದೆ, ತಪ್ಪೇನೂ ಮಾಡಲಿಲ್ಲ, ಮತ್ತೆ ಕ್ಷಮೆ ಯಾಕೆ ಅಂತ ಮೊದಲು ಅನಿಸುತ್ತಿತ್ತು. ಆದರೆ ಆ 4 ರಕಅತ್‌ಗಳಲ್ಲಿ ಮನಸ್ಸು ಎಲ್ಲೆಲ್ಲಿ ಓಡಿತ್ತು ಅಂತ ನನಗೆ ಗೊತ್ತಲ್ವಾ? ಆ ಕೊರತೆಗಾಗಿಯೇ ಈ ಮಾತು. ಆಮೇಲೆ ಒಂದು ಸಲ 'ಅಲ್ಲಾಹುಮ್ಮ ಅಂತಸ್ಸಲಾಮ್, ವ ಮಿಂಕಸ್ಸಲಾಮ್, ತಬಾರಕ್ತ ಯಾ ದಲ್ ಜಲಾಲಿ ವಲ್ ಇಕ್ರಾಮ್'. ಅಲ್ಲಾಹನೇ, ನೀನೇ ಶಾಂತಿ, ಶಾಂತಿ ಬರುವುದು ನಿನ್ನಿಂದಲೇ, ಮಹಿಮೆ ಮತ್ತು ಗೌರವದ ಒಡೆಯನೇ, ನೀನು ಸಮೃದ್ಧನು ಅಂತ ಇದರ ಅರ್ಥ. ಪ್ರವಾದಿಯವರು (ಸ) ನಮಾಝ್ ಮುಗಿಸಿ ಹೀಗೆ ಹೇಳುತ್ತಿದ್ದರು ಅಂತ ಸೌಬಾನ್ (ರ) ತಿಳಿಸಿದ್ದು ಸಹೀಹ್ ಮುಸ್ಲಿಂನಲ್ಲಿದೆ.

ಇದಾದ ಮೇಲೆ ಎಣಿಕೆ. ಸುಬ್‌ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 33. ಒಟ್ಟು 99. ನೂರನೆಯದು ಬೇರೆ ಮಾತು, ಒಂದೇ ಸಲ: 'ಲಾ ಇಲಾಹ ಇಲ್ಲಲ್ಲಾಹು ವಹ್ದಹೂ ಲಾ ಶರೀಕ ಲಹ್, ಲಹುಲ್ ಮುಲ್ಕು ವ ಲಹುಲ್ ಹಮ್ದು, ವ ಹುವ ಅಲಾ ಕುಲ್ಲಿ ಶೈಇನ್ ಕದೀರ್.' ಅಲ್ಲಾಹನ ಹೊರತು ಆರಾಧನೆಗೆ ಅರ್ಹರು ಯಾರೂ ಇಲ್ಲ, ಅವನು ಒಬ್ಬನೇ, ಅವನಿಗೆ ಪಾಲುದಾರರಿಲ್ಲ, ಒಡೆತನವೂ ಹೊಗಳಿಕೆಯೂ ಅವನದೇ, ಅವನು ಎಲ್ಲದರ ಮೇಲೂ ಸಾಮರ್ಥ್ಯ ಉಳ್ಳವನು.

ನನ್ನ ಕಷ್ಟ ಇದ್ದದ್ದು ಎಣಿಕೆಯಲ್ಲೇ. ಹತ್ತು ಬೆರಳು ಮಡಚಿ ಎಣಿಸಿದರೆ, ಎಷ್ಟು ಹತ್ತು ಆಯಿತು ಅನ್ನುವುದೇ ಮರೆತು ಹೋಗುತ್ತಿತ್ತು. ಮಣಿಸರ ಹಿಡಿದರೆ ಕೈ ತಾನಾಗಿ ಓಡುತ್ತಿತ್ತು, ಬಾಯಿ ಅದರ ಹಿಂದೆ ಓಡುತ್ತಿತ್ತು. ಪ್ರವಾದಿಯವರು (ಸ) ಬಲಗೈಯಲ್ಲಿ ತಸ್ಬೀಹ್ ಎಣಿಸಿದ್ದನ್ನು ಕಂಡೆ ಅಂತ ಅಬ್ದುಲ್ಲಾಹ್ ಬಿನ್ ಅಮ್ರ್ (ರ) ಹೇಳಿದ್ದು ಅಬೂದಾವೂದ್‌ನಲ್ಲಿದೆ. ಹಾಗಾಗಿ ಬಲಗೈಯಲ್ಲೇ ಒಂದು ದಾರಿ ಹುಡುಕಿದೆ.

ಬಲಗೈಯ ಹೆಬ್ಬೆರಳನ್ನು ಬಿಡಿ, ಅದು ಮುಟ್ಟುವ ಬೆರಳು. ಉಳಿದ 4 ಬೆರಳುಗಳ ಒಳಬದಿಯಲ್ಲಿ ತಲಾ 3 ಗೆರೆ ಇವೆ. ಒಟ್ಟು 12. ತೋರುಬೆರಳಿನ ಬುಡದಿಂದ ಶುರು ಮಾಡಿ ಕಿರುಬೆರಳಿನ ತುದಿಯ ಗೆರೆವರೆಗೆ ಹೋದರೆ 12. ಮತ್ತೊಂದು ಸುತ್ತು, 24. ಮೂರನೆಯ ಸುತ್ತಿನಲ್ಲಿ ತೋರುಬೆರಳು, ನಡುಬೆರಳು, ಉಂಗುರಬೆರಳು ಮಾತ್ರ, 9. ಅಲ್ಲಿಗೆ 33. ಅಂದರೆ ನಾನು ನೆನಪಿಡಬೇಕಾದ್ದು 33 ಸಂಖ್ಯೆಯಲ್ಲ, ಎಷ್ಟನೇ ಸುತ್ತು ಅನ್ನುವುದಷ್ಟೇ. ಮೂರನೇ ಸುತ್ತಿನಲ್ಲಿ ಕಿರುಬೆರಳು ಖಾಲಿ ಉಳಿದರೆ ಲೆಕ್ಕ ಸರಿ. ಹೆಬ್ಬೆರಳನ್ನೂ ಸೇರಿಸಿ 15ರಂತೆ ಎಣಿಸುವವರೂ ಇದ್ದಾರೆ. ನನಗೆ ಅದರಲ್ಲಿ ಗೊಂದಲವಾಯಿತು, ಹೆಬ್ಬೆರಳನ್ನು ಅದೇ ಹೆಬ್ಬೆರಳಿನಿಂದ ಮುಟ್ಟುವುದು ಹೇಗೆ?

ಎರಡನೆಯ ಸುತ್ತೋ ಮೂರನೆಯದೋ ಅನ್ನುವ ಅನುಮಾನ ಬಂದರೆ ಕಡಿಮೆಯದನ್ನೇ ಹಿಡಿದು ಮುಂದುವರಿಯುತ್ತೇನೆ. ರಕಅತ್ ಎಣಿಕೆಯಲ್ಲಿ ಅನುಮಾನ ಬಂದಾಗಲೂ ಖಚಿತವಾದ ಕಡಿಮೆ ಸಂಖ್ಯೆಯ ಮೇಲೆ ಕಟ್ಟಿಕೊಳ್ಳಿ ಅಂತ ಕಲಿತಿದ್ದೆ, ಅದನ್ನೇ ಇಲ್ಲಿಗೂ ತಂದುಕೊಂಡೆ.

ಕೆಲವರು ಕೊನೆಯ ಅಲ್ಲಾಹು ಅಕ್ಬರ್ 34 ಸಲ ಹೇಳಿ 100 ಮಾಡುತ್ತಾರೆ, ಲಾ ಇಲಾಹ ಸೇರಿಸುವುದಿಲ್ಲ. ಅದೂ ಸಹೀಹ್ ಮುಸ್ಲಿಂನಲ್ಲಿ ಬಂದಿರುವ ರೀತಿಯೇ. ಆ ದಿನ ಕಿರುಬೆರಳಿನ ಬುಡದ ಗೆರೆಯನ್ನೂ ಒಂದು ಸಲ ಮುಟ್ಟಿದರೆ ಆಯಿತು. ಒಂದು ಸಲ ಇದು, ಒಂದು ಸಲ ಅದು ಹೇಳುತ್ತೇನೆ, ಎರಡನ್ನೂ ಒಂದೇ ಸಲಕ್ಕೆ ಬೆರೆಸುವುದಿಲ್ಲ.

ಅರ್ಥ ಕಲಿತ ಮೇಲೆ ಅನುಕ್ರಮವೂ ಮನಸ್ಸಿಗೆ ಹೊಂದಿತು. ಸುಬ್‌ಹಾನಲ್ಲಾಹ್ ಅಂದರೆ ಅಲ್ಲಾಹನು ಎಲ್ಲ ಕೊರತೆಗಳಿಂದ ದೂರ. ಮೊದಲು ಅವನಿಗೆ ಸಲ್ಲದ್ದನ್ನು ತೆಗೆದು ಹಾಕುತ್ತೇವೆ. ಆಮೇಲೆ ಅಲ್‌ಹಮ್ದುಲಿಲ್ಲಾಹ್, ಹೊಗಳಿಕೆಯೆಲ್ಲ ಅಲ್ಲಾಹನಿಗೆ, ಅಂತ ಸಲ್ಲಬೇಕಾದ್ದನ್ನು ಕೊಡುತ್ತೇವೆ. ಕೊರತೆ ಇಲ್ಲದವನು, ಹೊಗಳಿಕೆಗೆ ಅರ್ಹನಾದವನು, ಹಾಗಾದರೆ ಅವನಿಗಿಂತ ದೊಡ್ಡದು ಯಾವುದು? ಅಲ್ಲಾಹು ಅಕ್ಬರ್. ಇಲ್ಲಿ 'ಅಕ್ಬರ್' ಅಂದರೆ 'ಹೆಚ್ಚು ದೊಡ್ಡವನು'. ಯಾವುದಕ್ಕಿಂತ ಅಂತ ಹೇಳಿಲ್ಲ. ನನಗೆ ಈ ಪದದಲ್ಲಿ ತುಂಬಾ ಇಷ್ಟವಾದದ್ದು ಅದೇ, ಆ ಜಾಗ ಖಾಲಿ ಬಿಟ್ಟಿರುವುದು. ಆ ಹೊತ್ತಿಗೆ ನನ್ನ ತಲೆಯಲ್ಲಿ ಏನಿದೆಯೋ ಅದನ್ನೇ ಅಲ್ಲಿ ಇಡುತ್ತೇನೆ. ಉಚ್ಚಾರದಲ್ಲಿ ಮಾತ್ರ ಎಚ್ಚರ ಬೇಕು: 'ಅಕ್‌ಬಾರ್' ಅಂತ ಎಳೆದರೆ ಅರ್ಥವೇ ಬೇರೆಯಾಗುತ್ತದೆ, 'ಆಲ್ಲಾಹು' ಅಂತ ಮೊದಲ ಅಕ್ಷರ ಎಳೆದರೆ ಪ್ರಶ್ನೆಯಾಗುತ್ತದೆ.

ಎಣಿಕೆ ಮುಗಿದ ಮೇಲೆ ಆಯತುಲ್ ಕುರ್ಸಿ, ಅಂದರೆ ಸೂರಃ ಬಕರದ 255ನೇ ಆಯತ್. ನಂತರ ಇಖ್ಲಾಸ್, ಫಲಕ್, ನಾಸ್ ಒಂದೊಂದು ಸಲ. ಫಜ್ರ್ ಮತ್ತು ಮಗ್ರಿಬ್ ಆದ ಮೇಲೆ ಈ ಮೂರನ್ನೂ ಮೂರು ಮೂರು ಸಲ ಓದುತ್ತೇನೆ. ಝುಹರ್, ಮಗ್ರಿಬ್, ಇಶಾದ ನಂತರ ಸುನ್ನತ್ ನಮಾಝ್ ಇರುವುದರಿಂದ, ಹನಫಿಗಳಲ್ಲಿ ಹಲವರು ಫರ್ಝ್ ಆದ ಕೂಡಲೇ ಚಿಕ್ಕ ದುಆ ಮಾತ್ರ ಹೇಳಿ, ಸುನ್ನತ್ ಮುಗಿಸಿ ತಸ್ಬೀಹ್ ಎಣಿಸುತ್ತಾರೆ. ಶಾಫಿಈಗಳು ಸಾಮಾನ್ಯವಾಗಿ ಫರ್ಝ್ ಆದ ಮೇಲೇ ಮುಗಿಸಿಬಿಡುತ್ತಾರೆ. ಜಮಾಅತ್‌ನಲ್ಲಿ ಪಕ್ಕದವರು ಬೇಗ ಎದ್ದರೆ ಸುಮ್ನೆ ಗೊಂದಲ ಪಡಬೇಡಿ.

ನಿಜವಾಗಿಯೂ ಕೂರಲು ಆಗದ ದಿನ ಏನು? ಹಿಂದೆ ಅಂಥ ದಿನ 33ನ್ನು ಓಡಿಸುತ್ತಿದ್ದೆ, 'ಸುಭಾಲ್ಲಾ' ಹುಟ್ಟಿದ್ದೂ ಅಲ್ಲೇ. ಈಗ ಅಂಥ ದಿನ 10, 10, 10 ಹೇಳುತ್ತೇನೆ. ಅಬ್ದುಲ್ಲಾಹ್ ಬಿನ್ ಅಮ್ರ್ (ರ) ವರದಿಯಲ್ಲಿ ಇದರ ಲೆಕ್ಕವೂ ಇದೆ: ಒಂದು ನಮಾಝಿಗೆ 30, ಐದಕ್ಕೆ ನಾಲಿಗೆಯಲ್ಲಿ 150, ತಕ್ಕಡಿಯಲ್ಲಿ 1500. ಇಷ್ಟು ಸುಲಭವಾದದ್ದನ್ನು ಮಾಡುವವರು ಕಡಿಮೆ ಯಾಕೆ ಅಂತ ಅಲ್ಲಿ ಕೇಳುತ್ತಾರೆ. ನಮಾಝಿನಲ್ಲಿರುವಾಗಲೇ ಶೈತಾನ್ ಬಂದು ಯಾವುದೋ ಕೆಲಸ ನೆನಪಿಸುತ್ತಾನೆ, ಇದನ್ನು ಹೇಳುವ ಮೊದಲೇ ನಮಾಝ್ ಮಾಡಿದವನು ಎದ್ದು ಹೋಗುತ್ತಾನೆ ಅಂತ ಪ್ರವಾದಿಯವರು (ಸ) ಉತ್ತರಿಸುತ್ತಾರೆ. ಹೆಬ್ಬೆರಳು ತೋರುಬೆರಳಿನ ಬುಡ ಮುಟ್ಟುವ ಮೊದಲೇ ಎದ್ದು ಹೋಗಬೇಕು ಅನಿಸಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಆಗ ಹತ್ತನ್ನಾದರೂ ಬಿಡಿಬಿಡಿಯಾಗಿ, 'ಹ' ಕೇಳುವಂತೆ ಹೇಳಿಯೇ ಏಳುತ್ತೇನೆ.